ಟ್ಯೂಬ್‌ಲೈಟ್ ಸಾಲಿನಲ್ಲಿ ವೈಫೈ

ಮತ್ತೊಂದು ಆಫೀಸು, ಮತ್ತದೇ ರೋಗ. ಕಾರಿಡಾರಿನ ಫಾಲ್ಸ್ ಸೀಲಿಂಗಿನಲ್ಲಿ ವೈಫೈ ಹರಡೋ ಐದು ಆಕ್ಸೆಸ್ ಪಾಯಿಂಟು, ಅಂದರೆ ಎಪಿ, ಒಂದರ ಹಿಂದೊಂದು, ಮದುವೆಮನೆ ಸೀರಿಯಲ್ ಸೆಟ್ಟಿನ ಹಾಗೆ. ಇಂಟೀರಿಯರ್‌ನವರ ಕೆಲಸ. "ಲೈಟಿನ ಲೈನಿಗೆ ಬಂದ್ರೆ ನೀಟಾಗಿ ಕಾಣತ್ತೆ ಸರ್" ಅಂದರಂತೆ. ಕಾಣತ್ತೆ ಸ್ವಾಮಿ, ಆದರೆ ಕಾರಿಡಾರಲ್ಲಿ ಕೂತು ಕೆಲಸ ಮಾಡೋರು ಯಾರು?

ದೂರು ಇಷ್ಟೆ: ಮೂಲೆಯ ಮೀಟಿಂಗ್ ರೂಮಲ್ಲಿ ವಿಡಿಯೋ ಕಾಲ್ ನಿಲ್ಲಲ್ಲ. ಮ್ಯಾನೇಜರ್ರ ಪರಿಹಾರ ರೆಡಿ ಇತ್ತು, "ಆರನೇದು ಹಾಕ್ಬಿಡಿ".

ಲ್ಯಾಪ್‌ಟಾಪಿಗೆ ಫ್ಲೋರ್ ಪ್ಲಾನ್ ಹಾಕಿಕೊಂಡು, ನಾಲ್ಕು ಹೆಜ್ಜೆಗೊಮ್ಮೆ ನಿಂತು, ನಿಂತ ಜಾಗದ ಮೇಲೆ ಕ್ಲಿಕ್ ಮಾಡುತ್ತಾ ಮುಕ್ಕಾಲು ಗಂಟೆ ಸುತ್ತಿದೆ. ಸಿಗ್ನಲ್ಲನ್ನ ಬಣ್ಣದಲ್ಲಿ ತೋರಿಸೋ ಹೀಟ್ ಮ್ಯಾಪಲ್ಲಿ ಕಾರಿಡಾರ್ ಕಡುಹಸಿರು, -45 ಡಿಬಿಎಂ. ಈ ಅಂಕಿ ಸೊನ್ನೆಗೆ ಹತ್ತಿರ ಇದ್ದಷ್ಟೂ ಸಿಗ್ನಲ್ ಜೋರು. ಮೀಟಿಂಗ್ ರೂಮು -74. ನಡುವೆ ಫೈಲು ತುಂಬಿದ ಸ್ಟೀಲ್ ಕಾಂಪ್ಯಾಕ್ಟರ್ ಇದೆಯಲ್ಲ! ಕಾಲ್ ನೆಟ್ಟಗೆ ನಡೆಯೋಕೆ ನಾವು -67 ಇಟ್ಟುಕೊಳ್ತೀವಿ. ಏಳೇ ತಾನೆ ಕಮ್ಮಿ ಅನ್ನಬೇಡಿ, 3 ಇಳಿದರೇ ಶಕ್ತಿ ಅರ್ಧ. 7 ಅಂದರೆ ಐದರಲ್ಲೊಂದು ಪಾಲು.

ಒಂದೇ ಚಾನೆಲ್ಲಿನಲ್ಲಿ ಎಷ್ಟು ಎಪಿ ಕೇಳಿಸ್ತವೆ ಅನ್ನೋ ಇನ್ನೊಂದು ಮ್ಯಾಪಿದೆ, ಅದನ್ನ ಯಾರೂ ಕೇಳಲ್ಲ. 2.4 ಗಿಗಾಹರ್ಟ್ಸಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ಲು ಮೂರೇ: 1, 6, 11. ಅಡ್ಡಗೋಡೆಯಿಲ್ಲದ ಕಾರಿಡಾರಲ್ಲಿ ಐದಕ್ಕೈದೂ ಒಂದರ ಮಾತು ಇನ್ನೊಂದಕ್ಕೆ ಕೇಳತ್ತೆ. ಒಂದೇ ಚಾನೆಲ್ಲಿನವು ಸರದಿಗೆ ಕಾಯ್ತವೆ. ಆರನೇದು ಹಾಕಿದ್ರೆ ಕ್ಯೂ ಉದ್ದ ಆಗ್ತಿತ್ತು.

"ಹಾಗಾದ್ರೆ ಪವರ್ ಜಾಸ್ತಿ ಮಾಡಿ" ಅಂದರು ಐಟಿ ಹುಡುಗ. ಮಾಡಬಹುದಪ್ಪ. ಎಪಿ ಕೂಗೋದು ಫೋನಿಗೆ ಕೇಳತ್ತೆ, ಫೋನಿನ ಪಿಸುಮಾತು ಎಪಿಗೆ ಕೇಳಬೇಡವಾ? ಪರದೆಯಲ್ಲಿ ಗೀಟು ಪೂರ್ತಿ, ಕಾಲ್ ಮಾತ್ರ ಕಟ್.

ಡ್ರಿಲ್ ಮುಟ್ಟೋ ಮುಂಚೆ ಒಂದು ಎಪಿ ಬಿಚ್ಚಿ, ಟ್ರೈಪಾಡಿಗೆ ಕಟ್ಟಿ, ಸೀಲಿಂಗಿನ ಹತ್ತಿರಕ್ಕೆ ಎತ್ತಿ ರೂಮೊಳಗೇ ನಿಲ್ಲಿಸಿ ಅಳೆದೆ. ಬಾಗಿಲು ಹಾಕಿದ ಪಕ್ಕದ ರೂಮಲ್ಲೂ -61. ಕೊನೆಗೆ ಮೂರು ಎಪಿ ಎಡ ಬಲ ಅಂತ ರೂಮುಗಳೊಳಗೆ ಹೋದವು, ಒಂದು ರಿಸೆಪ್ಷನ್ನಿಗೆ. ಪವರ್ ಇಳಿಸಿದೆ. ಮತ್ತೊಮ್ಮೆ ಸುತ್ತಿ ನೋಡಿದರೆ ಕೂತು ಕೆಲಸ ಮಾಡೋ ಜಾಗ ಯಾವುದೂ -67ಕ್ಕಿಂತ ಕೆಳಗಿಲ್ಲ.

ದೊಡ್ಡ ಸಾಚಾ ಏನಲ್ಲ ನಾನು. ಈ ಕೆಲಸಕ್ಕೆ ಬಂದ ಹೊಸದರಲ್ಲಿ, ನನ್ನ ಮೊದಲನೇ ಸರ್ವೇಲಿ 24 ಮೀಟರ್ ಗೋಡೆಗೆ 24 ಅಡಿ ಅಂತ ಸ್ಕೇಲ್ ಕೊಟ್ಟಿದ್ದೆ. ಸಾಫ್ಟ್‌ವೇರು ಆಫೀಸನ್ನ ಬೆಂಕಿಪೊಟ್ಟಣ ಅಂದುಕೊಂಡು, ನಾನು ಕಾಲೇ ಇಡದ ಕ್ಯಾಬಿನ್ನುಗಳಿಗೂ ಹಸಿರು ಬಳಿದಿತ್ತು. ಅದನ್ನೇ ಕಲರ್ ಪ್ರಿಂಟ್ ತೆಗೆದು ಹೆಮ್ಮೆಯಿಂದ ಕೊಟ್ಟು ಬಂದಿದ್ದೆ. ಈಗ ಶುರು ಮಾಡೋ ಮುಂಚೆ ಟೇಪ್ ಹಿಡಿದು ಒಂದು ಗೋಡೆ ಅಳೀತೀನಿ.

ಇವತ್ತು ಹೊರಡೋವಾಗ ಮ್ಯಾನೇಜರ್ರು ಉಳಿದ ಐದನೇ ಎಪಿ ಕೈಯಲ್ಲಿ ಹಿಡಕೊಂಡು ಬಂದರು. "ಸರ್, ವೇಸ್ಟ್ ಯಾಕೆ, ಇದನ್ನ ಕಾರಿಡಾರಿಗೇ ಹಾಕ್ಬಿಡೋಣ್ವಾ?"