ಸೀಸನ್ ಮುಗಿದ ಮೇಲೆ ಕಬಡ್ಡಿ ಹುಡುಗರಿಗೆ ಬರೆಯುವ ಪತ್ರ

ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ. ನಮ್ಮ ಶಾಲಾ ಕಬಡ್ಡಿಯ ಮೆಟ್ಟಿಲುಗಳು ಇವು. ಹೆಚ್ಚಿನ ತಂಡಗಳ ಆಟ ಮೊದಲ ಎರಡು ಮೂರು ಮೆಟ್ಟಿಲುಗಳಲ್ಲೇ ಮುಗಿಯುತ್ತದೆ. ಮುಗಿದ ದಿನವೇ, ವಾಪಸ್ ಬರುವ ಟೆಂಪೊದಲ್ಲಿ, ಕೋಚ್ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸುತ್ತಾರೆ: ಅವನು ಹಿಡಿಯಲಿಲ್ಲ, ಇವನು ಬಿಟ್ಟ, ಮುಂದಿನ ವರ್ಷ ಎಲ್ಲರೂ ಇನ್ನಷ್ಟು ಶ್ರಮಪಡಬೇಕು. ಹಿಂದಿನ ಸೀಟಿನಲ್ಲಿರುವ ಹುಡುಗರಿಗೆ ಅದರಲ್ಲಿ ಅರ್ಧ ಕೇಳಿಸಿರುವುದಿಲ್ಲ, ಉಳಿದರ್ಧ ಊಟದ ಹೊತ್ತಿಗೆ ಮರೆತಿರುತ್ತದೆ.

ಹದಿನಾಲ್ಕರಿಂದ ಹದಿನಾರು ವರ್ಷದ ಹುಡುಗರಿಗೆ ಹೇಳಬೇಕಾದದ್ದನ್ನು ಸೋಲಿನ ಬಿಸಿ ಆರಿದ ಮೇಲೆ, ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಬರೆದು ಕೊಡಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಆ ಪತ್ರದಲ್ಲಿ ‘ಇನ್ನಷ್ಟು ಶ್ರಮಪಡು’ ಎಂಬ ವಾಕ್ಯ ಇರಲೇಬಾರದು. ನಾಳೆ ಬೆಳಿಗ್ಗೆ ಮೈದಾನಕ್ಕೆ ಬಂದು ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನಿಜವಾಗಿ ಬೆವರು ಸುರಿಸಿದವನಿಗೂ ತಪ್ಪಿಸಿಕೊಂಡು ಓಡಾಡಿದವನಿಗೂ ಅದು ಒಂದೇ ಮಾತಾಗಿಬಿಡುತ್ತದೆ.

ಬರೆಯಲು ಸರಕು ಬೇಕು. ಅಧಿಕೃತ ಸ್ಕೋರ್ ಶೀಟ್‌ನಲ್ಲಿ ಅಂಕ ಸಿಗುತ್ತದೆ, ಆಟ ಸಿಗುವುದಿಲ್ಲ. ಆದ್ದರಿಂದ ಪ್ರತಿ ಪಂದ್ಯದಲ್ಲೂ ಬೆಂಚಿನಲ್ಲಿರುವ ಒಬ್ಬ ಹುಡುಗನ ಕೈಗೆ ಒಂದು ನೋಟ್‌ಬುಕ್ ಕೊಟ್ಟಿರುತ್ತೇನೆ. ನಮ್ಮವನ ಪ್ರತಿ ರೈಡ್‌ಗೆ ಒಂದು ಸಾಲು: ಟಚ್, ಬೋನಸ್, ಖಾಲಿ ಅಥವಾ ಔಟ್. ಔಟ್ ಆದರೆ ಎಲ್ಲಿ, ಯಾವ ಹಿಡಿತಕ್ಕೆ, ಮುಖ ಯಾವ ಕಡೆಗಿತ್ತು. ನಾವು ಹಿಡಿಯುವಾಗ ಮೊದಲು ಕೈ ಹಾಕಿದವನು ಯಾರು, ಎರಡನೆಯವನಾಗಿ ಬಂದವನು ಯಾರು. ಇಷ್ಟೇ. ಇದಕ್ಕಿಂತ ಹೆಚ್ಚು ಬರೆಯಲು ಹೇಳಿದರೆ ಹುಡುಗ ಆಟ ನೋಡುವುದನ್ನೇ ಬಿಡುತ್ತಾನೆ.

ಈ ಸಲದ ನಮ್ಮ ಮುಖ್ಯ ರೈಡರ್‌ನ ಲೆಕ್ಕ ಹೇಳುತ್ತೇನೆ. ತಾಲ್ಲೂಕು ಮತ್ತು ಜಿಲ್ಲಾ ಪಂದ್ಯಗಳು ಸೇರಿ 46 ರೈಡ್. ಟಚ್ 13, ಬೋನಸ್ 5, ಖಾಲಿ 17, ಔಟ್ 11. ಊರಿನಲ್ಲಿ ಎಲ್ಲರೂ ‘ಇವನಿಗೆ ಧೈರ್ಯ ಸಾಲದು’ ಎಂದರು. ಜಿಲ್ಲಾ ಪಂದ್ಯದ ಕೊನೆಯಲ್ಲಿ ಸಿಕ್ಕಿಬಿದ್ದದ್ದು ಎಲ್ಲರ ಕಣ್ಣಿಗೂ ಬಿದ್ದಿತ್ತು. ಆದರೆ ನೋಟ್‌ಬುಕ್ ಬೇರೆಯೇ ಹೇಳುತ್ತಿತ್ತು. 11 ಔಟ್‌ಗಳಲ್ಲಿ 8 ಆಗಿದ್ದು ಅವನು ಒಳಗೆ ಹೋಗಿ ಕಾಲು ಚಾಚಿದ ಮೇಲೆ, ಬೆನ್ನು ತಿರುಗಿಸಿ ಓಡುವಾಗ. ಧೈರ್ಯವಿಲ್ಲದವನು ಅಷ್ಟು ಒಳಗೆ ಹೋಗುವುದೇ ಇಲ್ಲ. ಅವನ ತೊಂದರೆ ಇದ್ದದ್ದು ವಾಪಸಾತಿಯಲ್ಲಿ. ಎದುರಿನವರಿಗೆ ಬೆನ್ನು ಕಂಡ ಕೂಡಲೇ ಕವರ್ ಆಡುವವನು ಸೊಂಟಕ್ಕೆ ಬೀಳುತ್ತಾನೆ, ಬೀಳುವುದು ರೈಡರ್‌ಗೆ ಕಾಣುವುದೇ ಇಲ್ಲ.

ಅವನಿಗೆ ಬರೆದದ್ದು ಹೀಗೆ: “46 ರೈಡ್‌ಗಳಲ್ಲಿ 18 ಸಲ ನೀನು ಅಂಕ ತಂದಿದ್ದೀಯೆ. ಔಟ್ ಆದ 11 ಸಲದಲ್ಲಿ 8 ಸಲ ನಿನ್ನ ಬೆನ್ನು ಅವರ ಕಡೆಗಿತ್ತು. ಕಾಲು ಚಾಚಿದ ಮೇಲೆ ಮುಖ ಅವರ ಕಡೆಗೇ ಇಟ್ಟು, ಎರಡು ಮೂರು ಹೆಜ್ಜೆ ಹಿಂದಕ್ಕೆ ಜಾರಿ ಬಾ. ಬಾಕ್ ಗೆರೆ ದಾಟಿ ಮಧ್ಯಗೆರೆಯ ಕಡೆಗೆ ಬಂದ ಮೇಲೆ ತಿರುಗಿ ಓಡಿದರೆ ತೊಂದರೆಯಿಲ್ಲ. ದಿನಕ್ಕೆ ಹತ್ತು ನಿಮಿಷ ಇದೊಂದನ್ನೇ ಮಾಡು. ರಜೆ ಮುಗಿದ ಮೇಲೆ ಅಭ್ಯಾಸ ಪಂದ್ಯದಲ್ಲಿ 20 ರೈಡ್ ಕೊಡುತ್ತೇನೆ. ಬೆನ್ನು ತೋರಿಸಿ ಸಿಕ್ಕಿಬೀಳುವುದು ಎರಡಕ್ಕಿಂತ ಹೆಚ್ಚಾಗಬಾರದು.”

ಅವನ ಖಾಲಿ ರೈಡ್‌ಗಳಲ್ಲಿ ಇನ್ನೊಂದು ದೋಷವೂ ಇತ್ತು. ಎದುರು ಐದೇ ಜನ ಇದ್ದಾಗಲೂ ಬೋನಸ್ ಗೆರೆಗೆ ಕಾಲು ಹಾಕುತ್ತಿದ್ದ. ಆರು ಅಥವಾ ಹೆಚ್ಚು ಜನ ಅಂಕಣದಲ್ಲಿದ್ದರೆ ಮಾತ್ರ ಬೋನಸ್ ಇರುತ್ತದೆ. ಗೆರೆ ದಾಟುವ ಮುಂಚೆ ತಲೆ ಎಣಿಸುವ ಅಭ್ಯಾಸ ಅವನಿಗಿಲ್ಲ. ಅದನ್ನು ಪತ್ರದಲ್ಲಿ ಬರೆಯಲಿಲ್ಲ. ಒಂದು ಪತ್ರಕ್ಕೆ ಒಂದೇ ಗುರಿ. ಎರಡು ಬರೆದರೆ ಹುಡುಗರು ಸುಲಭವಾದದ್ದನ್ನು ಆರಿಸಿಕೊಳ್ಳುತ್ತಾರೆ. ತಲೆ ಎಣಿಸುವುದನ್ನು ಅಭ್ಯಾಸದ ವೇಳೆ ಬಾಯಿಮಾತಿನಲ್ಲಿ ಸರಿಪಡಿಸಬಹುದು.

‘ರಾಜ್ಯ ತಂಡಕ್ಕೆ ಆಯ್ಕೆಯಾಗು’ ಎಂಬುದನ್ನು ನಾನು ಗುರಿಯೆಂದು ಬರೆಯುವುದಿಲ್ಲ. ಆಯ್ಕೆ ಸಮಿತಿ, ಆ ದಿನದ ಎದುರಾಳಿ, ಅಂಪೈರ್ ಯಾವುದೂ ಹುಡುಗನ ಕೈಯಲ್ಲಿಲ್ಲ. ಹಿಂದಕ್ಕೆ ಜಾರುವ ಹೆಜ್ಜೆ ಅವನ ಕೈಯಲ್ಲಿದೆ.

ಶ್ರಮದ ವಿಷಯಕ್ಕೆ ಬಂದರೆ, ನಾವು ಬೇಗ ಬಂದವನನ್ನು, ಜೋರಾಗಿ ಕೂಗುವವನನ್ನು, ಮೈಯೆಲ್ಲ ಮಣ್ಣು ಮಾಡಿಕೊಂಡವನನ್ನು ಶ್ರಮಜೀವಿ ಎಂದುಕೊಳ್ಳುತ್ತೇವೆ. ಕಬಡ್ಡಿಯಲ್ಲಿ ಶ್ರಮ ಕಾಣುವ ಜಾಗ ಬೇರೆ. ಕಾರ್ನರ್ ಹುಡುಗ ರೈಡರ್‌ನ ಕಾಲಿನ ಗಿಣ್ಣಿಗೆ ಬಿದ್ದಾಗ, ಪಕ್ಕದವನು ಎಷ್ಟು ಬೇಗ ಬಂದು ಸೊಂಟಕ್ಕೆ ಬಿಗಿದ ಎನ್ನುವುದನ್ನು ನೋಡಬೇಕು. ಒಬ್ಬನೇ ಹಿಡಿದ ಕಾಲು, ಬಲಿಷ್ಠ ರೈಡರ್ ಒಮ್ಮೆ ಒದರಿದರೆ ಜಾರಿಹೋಗುತ್ತದೆ. ಎರಡನೆಯವನು ಬಂದರೆ ಮಾತ್ರ ಅದು ಅಂಕ. ಆದರೆ ಚಪ್ಪಾಳೆ ಮೊದಲು ಬಿದ್ದವನಿಗೆ.

ನಮ್ಮ ತಂಡದ ಬಲ ಕವರ್ ಹುಡುಗ ಇಡೀ ಸೀಸನ್‌ನಲ್ಲಿ ಒಂದು ಸಲವೂ ಊರವರ ಬಾಯಿಗೆ ಬರಲಿಲ್ಲ. ನೋಟ್‌ಬುಕ್ ತೆಗೆದು ನೋಡಿದರೆ ಬಲ ಕಾರ್ನರ್‌ನವನ 9 ಯಶಸ್ವಿ ಹಿಡಿತಗಳಲ್ಲಿ 7ಕ್ಕೆ ಎರಡನೆಯವನಾಗಿ ಬಂದವನು ಇವನೇ. ಕಾರ್ನರ್‌ನವನು ಹಿಡಿದೂ ಬಿಟ್ಟ 5 ಸಲಗಳಲ್ಲಿ ನಾಲ್ಕು ಸಲ ಇವನು ಆಗಲೇ ಔಟ್ ಆಗಿ ಹೊರಗೆ ಕುಳಿತಿದ್ದ. ಈ ಎರಡು ಸಾಲನ್ನು ಅವನಿಗೂ ಬರೆದೆ, ಕಾರ್ನರ್ ಹುಡುಗನ ಪತ್ರದಲ್ಲೂ ಸೇರಿಸಿದೆ. ‘ಚೆನ್ನಾಗಿ ಆಡಿದೆ, ಭೇಷ್’ ಎಂದು ಒಂದು ಪುಟ ತುಂಬಿಸಿದ್ದರೂ ಅವನಿಗೆ ಇಷ್ಟು ತಲುಪುತ್ತಿರಲಿಲ್ಲ.

ಇನ್ನು ಬೆಳವಣಿಗೆ. ಇಲ್ಲಿ ಅಕ್ಷರಶಃ ಮೈಯ ಬೆಳವಣಿಗೆಯ ಬಗ್ಗೆಯೇ ಹೇಳುತ್ತಿದ್ದೇನೆ, ಏಕೆಂದರೆ ಈ ವಯಸ್ಸಿನ ಆಟಗಾರನ ಬಗ್ಗೆ ತೀರ್ಪು ಕೊಡುವಾಗ ಹೆಚ್ಚಿನ ಅನ್ಯಾಯ ಆಗುವುದು ಇಲ್ಲೇ. ಹುಡುಗರು ಸಾಮಾನ್ಯವಾಗಿ 14ರ ಆಸುಪಾಸಿನಲ್ಲಿ ಅತಿ ವೇಗವಾಗಿ ಎತ್ತರವಾಗುತ್ತಾರೆ, ಹುಡುಗಿಯರು ಅದಕ್ಕಿಂತ ಸುಮಾರು ಎರಡು ವರ್ಷ ಮೊದಲು. ಆ ಒಂದು ವರ್ಷದಲ್ಲಿ ಹುಡುಗ ಎಂಟು, ಒಂಬತ್ತು, ಕೆಲವೊಮ್ಮೆ ಹತ್ತು ಸೆಂಟಿಮೀಟರ್ ಬೆಳೆಯುವುದುಂಟು. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಆಮೇಲೆ ಹೊಂದಿಕೊಳ್ಳುತ್ತದೆ. ಹೋದ ವರ್ಷ ಮಿಂಚಿನಂತೆ ಗಿಣ್ಣಿಗೆ ಬೀಳುತ್ತಿದ್ದವನು ಈ ವರ್ಷ ಅರ್ಧ ಹೆಜ್ಜೆ ತಡವಾಗುತ್ತಾನೆ. ನೋಡುವವರಿಗೆ ಅದು ಸೋಮಾರಿತನದಂತೆ ಕಾಣುತ್ತದೆ.

ನಮ್ಮ ಎಡ ಕಾರ್ನರ್ ಹುಡುಗನದ್ದು ಇದೇ ಕಥೆ. ಸ್ಟಾಫ್ ರೂಮಿನ ಗೋಡೆಗೆ ನಿಲ್ಲಿಸಿ ಮೂರು ತಿಂಗಳಿಗೊಮ್ಮೆ ಪೆನ್ಸಿಲ್‌ನಲ್ಲಿ ಎಲ್ಲರ ಗುರುತು ಹಾಕುತ್ತೇವೆ. ಅವನ ಗುರುತು ಒಂದು ವರ್ಷದಲ್ಲಿ 9 ಸೆಂಟಿಮೀಟರ್ ಮೇಲೆ ಹೋಗಿತ್ತು. ಜೊತೆಗೆ ಮಂಡಿಚಿಪ್ಪಿನ ಕೆಳಗೆ, ಮೊಣಕಾಲಿನ ಮುಂಭಾಗದ ಮೂಳೆಯ ಗಂಟಿನ ಮೇಲೆ ನೋವು. ಒತ್ತಿದರೆ ಹೆಚ್ಚು, ಕುಕ್ಕರಗಾಲಿನಲ್ಲಿ ಕುಳಿತರೆ ಹೆಚ್ಚು, ನೆಗೆದರೆ ಹೆಚ್ಚು. ವೈದ್ಯರು ನೋಡಿ ಇದು ಆಸ್ಗುಡ್–ಶ್ಲಾಟರ್ ಎಂದರು. ತೊಡೆಯ ಮುಂಭಾಗದ ಸ್ನಾಯು, ಇನ್ನೂ ಗಟ್ಟಿಯಾಗದ ಮೂಳೆಯ ತುದಿಯನ್ನು ಮತ್ತೆ ಮತ್ತೆ ಎಳೆಯುವುದರಿಂದ ಬರುವ ತೊಂದರೆ ಇದು. ಬೆಳವಣಿಗೆ ಮುಗಿಯುತ್ತಿದ್ದಂತೆ ಹೆಚ್ಚಿನವರಲ್ಲಿ ತಾನಾಗಿ ಕಡಿಮೆಯಾಗುತ್ತದೆ. ಆದರೆ ಮಂಡಿ ಮಡಿಚಿ ನೆಲಕ್ಕೆ ಬೀಳುವ ಗಿಣ್ಣಿನ ಹಿಡಿತ ಅದಕ್ಕೆ ನೇರ ಏಟು.

ಅವನಿಗೆ ಬರೆದದ್ದು: “ಈ ಸೀಸನ್‌ನಲ್ಲಿ ನೀನು ತಡವಾದದ್ದು ನಿಜ. ಅದು ಸೋಮಾರಿತನವಲ್ಲ, 9 ಸೆಂಟಿಮೀಟರ್‌ನ ಕೆಲಸ. ಮುಂದಿನ ಮೂರು ತಿಂಗಳು ಗಿಣ್ಣಿಗೆ ಬೀಳುವುದು ಬೇಡ. ಉದ್ದವಾದ ಕೈ ಸಿಕ್ಕಿದೆ, ನಿಂತು ತೊಡೆ ಹಿಡಿಯುವುದನ್ನು ಕಲಿ. ನೋವಿದ್ದ ದಿನ ನೆಗೆತ ಇಲ್ಲ. ಕುಂಟುವಷ್ಟು ನೋವಿದ್ದರೆ ಅಭ್ಯಾಸವೂ ಇಲ್ಲ, ನನಗೆ ಹೇಳಿ ಮನೆಗೆ ಹೋಗು.” ಕೊನೆಯ ಸಾಲು ಬೇಕೇ ಬೇಕು. ನೋವನ್ನು ಮುಚ್ಚಿಟ್ಟು ಆಡುವುದೇ ಗಂಡಸುತನ ಎಂದು ಹುಡುಗರು ಎಲ್ಲಿಂದಲೋ ಕಲಿತು ಬಂದಿರುತ್ತಾರೆ.

ಇದರ ಪಕ್ಕದಲ್ಲೇ ಒಂದು ಮಾತು. ಕಬಡ್ಡಿಯ ಕಿರಿಯರ ಟೂರ್ನಿಗಳಲ್ಲಿ ತೂಕದ ಮಿತಿ ಇರುವುದರಿಂದ ‘ಮೂರು ಕೆ.ಜಿ. ಇಳಿಸು’ ಎಂಬುದನ್ನೇ ಗುರಿಯಾಗಿ ಬರೆಯುವ ಕೋಚ್‌ಗಳಿದ್ದಾರೆ. ಎತ್ತರವಾಗುತ್ತಿರುವ ಹುಡುಗನ ತೂಕ ಏರಲೇಬೇಕು. ಹಾಗೆ ಬರೆದರೆ ಅವನು ರಾತ್ರಿಯ ಮುದ್ದೆ ಬಿಡುತ್ತಾನೆ, ತೂಕ ನೋಡುವ ದಿನ ನೀರು ಕುಡಿಯುವುದಿಲ್ಲ, ಎರಡನೆಯ ಅರ್ಧದಲ್ಲಿ ಮೀನಖಂಡ ಹಿಡಿದುಕೊಂಡು ಕೂರುತ್ತಾನೆ. ಮಿತಿ ಮೀರಿದವನನ್ನು ಮುಂದಿನ ವಿಭಾಗದಲ್ಲಿ ಆಡಿಸುವುದೇ ಸರಿ.

ಬರೆಯಲು ಅತ್ಯಂತ ಕಷ್ಟವಾದದ್ದು ಬೆಂಚಿನ ಹುಡುಗನ ಪತ್ರ. ಹನ್ನೆರಡು ಜನರಲ್ಲಿ ಏಳು ಜನ ಆಡುತ್ತಾರೆ. ಉಳಿದವರಿಗೆ ‘ನಿನ್ನ ಅವಕಾಶ ಬರುತ್ತದೆ, ತಾಳ್ಮೆ ಇರಲಿ’ ಎಂದು ಬರೆದುಬಿಡುವುದು ಸುಲಭ. ಅವನಿಗೆ ಬೇಕಾದದ್ದು ‘ನನ್ನನ್ನು ಯಾಕೆ ಇಳಿಸಲಿಲ್ಲ’ ಎಂಬುದಕ್ಕೆ ನಿಜವಾದ ಕಾರಣ. ನಮ್ಮಲ್ಲೊಬ್ಬ ಇದ್ದಾನೆ, ಕಾಲು ಚುರುಕು. ಆದರೆ ಯಾರನ್ನಾದರೂ ಮುಟ್ಟಿದ ಕ್ಷಣ ‘ಕಬಡ್ಡಿ ಕಬಡ್ಡಿ’ ನಿಂತುಹೋಗುತ್ತದೆ. ಉಲಿ ನಿಂತರೆ ಅಂಪೈರ್ ಔಟ್ ಕೊಡುತ್ತಾರೆ, ಮುಟ್ಟಿದ್ದೂ ವ್ಯರ್ಥ. ಅಭ್ಯಾಸದಲ್ಲಿ ಸ್ನೇಹಿತರು ಬಿಟ್ಟುಕೊಡುತ್ತಾರೆ, ಪಂದ್ಯದಲ್ಲಿ ಯಾರೂ ಬಿಡುವುದಿಲ್ಲ. ಅವನಿಗೆ ಬರೆದೆ: “ನಿನ್ನನ್ನು ಇಳಿಸದಿರಲು ಇದೊಂದೇ ಕಾರಣ. ಒಬ್ಬನು ಸೊಂಟ ಹಿಡಿದು ಎಳೆಯುತ್ತಿರುವಾಗಲೂ 30 ಸೆಕೆಂಡ್ ನಿನ್ನ ದನಿ ನನಗೆ ಅಂಕಣದ ಹೊರಗೆ ಕೇಳಿಸಬೇಕು. ಕೇಳಿಸಿದ ದಿನ ಮೊದಲ ಏಳರ ಸ್ಪರ್ಧೆಯಲ್ಲಿ ನೀನೂ ಒಬ್ಬ.” ಇಳಿಸಿಯೇ ಇಳಿಸುತ್ತೇನೆ ಎಂದು ಬರೆಯಲಿಲ್ಲ. ಪತ್ರದಲ್ಲಿ ಕೊಟ್ಟ ಮಾತನ್ನು ಹುಡುಗರು ಮಡಚಿ ಜೇಬಿನಲ್ಲಿಟ್ಟುಕೊಳ್ಳುತ್ತಾರೆ.

ಪತ್ರವನ್ನು ವಾಟ್ಸ್‌ಆ್ಯಪ್ ಗುಂಪಿಗೆ ಹಾಕುವುದಿಲ್ಲ. ಕೈಗೆ ಕೊಡುತ್ತೇನೆ, ಆದರೆ ಮನೆಯಲ್ಲಿ ಅಪ್ಪ ಓದುತ್ತಾರೆ ಎಂದುಕೊಂಡೇ ಬರೆಯುತ್ತೇನೆ. ‘ಶಿಸ್ತಿಲ್ಲ’ ಎಂಬ ಒಂದು ಪದಕ್ಕೆ ಮನೆಯಲ್ಲಿ ಏಟು ಬೀಳಬಹುದು, ಆಟವೇ ನಿಲ್ಲಬಹುದು. ಶಿಸ್ತಿನ ಮಾತಿದ್ದರೆ ಮೈದಾನದಲ್ಲೇ ಮುಗಿಸುವುದು ಒಳ್ಳೆಯದು. ಒಂಬತ್ತು ಮುಗಿಸಿ ಹತ್ತಕ್ಕೆ ಹೋಗುವವರ ಪತ್ರದಲ್ಲಿ ಗುರಿಯ ಪಕ್ಕ ‘ದಿನಕ್ಕೆ ಇಪ್ಪತ್ತು ನಿಮಿಷ, ಸಂಜೆ ಆರರೊಳಗೆ ಮನೆ’ ಎಂದು ಸ್ಪಷ್ಟವಾಗಿ ಬರೆಯುತ್ತೇನೆ. ‘ಎಸ್ಸೆಸ್ಸೆಲ್ಸಿ ಇದೆ, ಇನ್ನು ಆಟ ಸಾಕು’ ಎಂದು ಬಂದ ಅಪ್ಪಂದಿರಲ್ಲಿ ಕೆಲವರು ಆ ಸಾಲು ಓದಿ ಒಪ್ಪಿದ್ದಾರೆ, ಕೆಲವರು ಒಪ್ಪಿಲ್ಲ.

ಪತ್ರದ ಕೆಳಗೆ ನಾಲ್ಕು ಗೆರೆ ಖಾಲಿ ಬಿಟ್ಟಿರುತ್ತೇನೆ, ಒಪ್ಪದ್ದನ್ನು ಬರೆದು ಹಿಂದಿರುಗಿಸಲಿ ಎಂದು. ನಮ್ಮ ರೈಡರ್ ಬರೆದು ತಂದದ್ದು: “ಸರ್, 8 ಅಲ್ಲ, 7. ಜಿಲ್ಲಾ ಪಂದ್ಯದಲ್ಲಿ ಒಂದು ಸಲ ನಾನು ತಿರುಗಿರಲಿಲ್ಲ, ಜಾರಿಬಿದ್ದೆ.” ನೋಟ್‌ಬುಕ್ ಬರೆದ ಹುಡುಗನನ್ನು ಕರೆಸಿದೆ. ಅರ್ಧ ಗಂಟೆ ಇಬ್ಬರೂ ಆ ರೈಡ್ ಅನ್ನು ಮೈದಾನದಲ್ಲಿ ಆಡಿ ತೋರಿಸಿದರು. ಕೊನೆಗೆ 7 ಎಂದು ತಿದ್ದಿದೆವು.