ಜ್ವರ ಬಿಟ್ಟ ದಿನ ನೋಡಬೇಕಾದ ನಂಬರ್

ಚಿಕ್ಕಬಳ್ಳಾಪುರದಲ್ಲಿ ಹದಿಮೂರು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್ ಆಗಿದ್ದೇನೆ. ಡೆಂಗಿ ಶುರುವಾದರೆ ಕಿಟಕಿಯಲ್ಲಿ ಒಂದೇ ಪ್ರಶ್ನೆ: "ಸಾರ್, ಪ್ಲೇಟ್‌ಲೆಟ್ ಎಷ್ಟಿದೆ?" ಅದೇ ಹಾಳೆಯಲ್ಲಿರುವ ಪಿಸಿವಿ, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಅಂತ ಹೇಳುವ ಹೆಮಟೋಕ್ರಿಟ್, ಯಾರೂ ಕೇಳುವುದಿಲ್ಲ. ಈ ಸಲ ನಮ್ಮ ಮನೆಯಲ್ಲೇ ಅದರ ಬೆಲೆ ಗೊತ್ತಾಯಿತು.

ನಮ್ಮ ಅತ್ತಿಗೆಗೆ ಮೊದಲಿಂದಲೂ ರಕ್ತ ಕಡಿಮೆ. ಜ್ವರದ ಎರಡನೇ ದಿನ ಪಿಸಿವಿ 33, ಪ್ಲೇಟ್‌ಲೆಟ್ 1,42,000. ನಾಲ್ಕನೇ ದಿನ ಪಿಸಿವಿ 36, ಪ್ಲೇಟ್‌ಲೆಟ್ 84,000. ಐದನೇ ದಿನ ಬೆಳಿಗ್ಗೆ ಜ್ವರ ಬಿಟ್ಟಿತು. "ಈಗ ಹುಷಾರಾದೆ, ಸುಮ್ನೆ ಮತ್ತೆ ಸೂಜಿ ಯಾಕಪ್ಪಾ?" ಅಂದರು. ಆದರೆ ಹೊಟ್ಟೆ ನೋವು, ಎರಡು ಸಲ ವಾಂತಿ. ಒತ್ತಾಯ ಮಾಡಿ ರಕ್ತ ತೆಗೆದೆ. ಪ್ಲೇಟ್‌ಲೆಟ್ 52,000. ಪಿಸಿವಿ 40.

ನಮ್ಮ ರಿಪೋರ್ಟಿನಲ್ಲಿ ಹೆಂಗಸರಿಗೆ 36ರಿಂದ 46 ನಾರ್ಮಲ್. ಹಾಗಾಗಿ 40ರ ಪಕ್ಕದಲ್ಲಿ ಯಾವ ಗುರುತೂ ಬರಲಿಲ್ಲ. ನನಗೆ ಕೈಕಾಲು ತಣ್ಣಗಾಗಿದ್ದು ಅದನ್ನು ನೋಡಿಯೇ. 33 ಇದ್ದವರಿಗೆ 40 ಅಂದರೆ ನೂರಕ್ಕೆ ಇಪ್ಪತ್ತಕ್ಕಿಂತ ಜಾಸ್ತಿ ಏರಿಕೆ. ಪ್ಲಾಸ್ಮಾ ಸೋರುತ್ತಿದೆ ಅನ್ನುವುದಕ್ಕೆ ಡಾಕ್ಟರುಗಳು ಹಿಡಿಯುವ ಗೆರೆಯೇ ಅದು.

ಸೋರುವುದು ಅಂದರೆ ಹೊರಗೆ ರಕ್ತ ಹೋಗುವುದಲ್ಲ. ಸಣ್ಣ ರಕ್ತನಾಳಗಳ ಗೋಡೆ ಸಡಿಲವಾಗಿ, ರಕ್ತದ ನೀರಿನ ಭಾಗ ಹೊಟ್ಟೆಗೆ, ಪುಪ್ಪುಸದ ಸುತ್ತಲಿಗೆ ಇಳಿಯುತ್ತದೆ. ಕೆಂಪು ಕಣಗಳು ಒಳಗೇ ಉಳಿಯುತ್ತವೆ. ನೀರು ಇಂಗಿದ ಸಾರಿನ ಹಾಗೆ ರಕ್ತ ಗಟ್ಟಿಯಾಗುತ್ತದೆ, ಪಿಸಿವಿ ಏರುತ್ತದೆ. ಇದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ ಶುರುವಾಗಿ 24ರಿಂದ 48 ಗಂಟೆ ಇರುತ್ತದೆ. ಡೆಂಗಿಯಲ್ಲಿ ಶಾಕ್, ಅಂದರೆ ಅಂಗಗಳಿಗೆ ಸಾಕಷ್ಟು ರಕ್ತ ತಲುಪದ ಸ್ಥಿತಿ, ಆಗುವುದು ಹೆಚ್ಚಾಗಿ ಇದರಿಂದ, ಬರೀ ಪ್ಲೇಟ್‌ಲೆಟ್ ಇಳಿದದ್ದರಿಂದಲ್ಲ.

ಆಸ್ಪತ್ರೆಯಲ್ಲಿ ಬಿಪಿ 100/80. ಮೇಲಿನ ನಂಬರ್ ಪರವಾಗಿಲ್ಲ ಅನಿಸುತ್ತೆ, ಅಲ್ವಾ? ಆದರೆ ಎರಡರ ನಡುವಿನ ಅಂತರ ಬರೀ 20. ಅಷ್ಟಕ್ಕೆ ಇಳಿದರೆ ಶಾಕ್ ಶುರುವಾಗಿದೆ ಅಂತಲೇ ಲೆಕ್ಕ. ತಕ್ಷಣ ಡ್ರಿಪ್ ಹಾಕಿದರು. ಕೆಲವು ಗಂಟೆಗೊಮ್ಮೆ ಪಿಸಿವಿ ನೋಡಿದರು, ಮೂತ್ರ ಅಳೆದರು.

ಮರುದಿನ ಪ್ಲೇಟ್‌ಲೆಟ್ 31,000. ಅಣ್ಣ ಪ್ಲೇಟ್‌ಲೆಟ್ ಬಾಟಲಿಗಾಗಿ ಬೆಂಗಳೂರಿಗೆ ಓಡಲು ಸಿದ್ಧ. ಡಾಕ್ಟರ್ ಬೇಡವೆಂದರು. ಎಲ್ಲೂ ರಕ್ತಸ್ರಾವ ಇರಲಿಲ್ಲ, ಬಿಪಿಯ ಅಂತರ 35ಕ್ಕೆ ಬಂದಿತ್ತು, ಪಿಸಿವಿ 35ಕ್ಕೆ ಇಳಿದಿತ್ತು. ಪಿಸಿವಿ ಇಳಿದ ಮಾತ್ರಕ್ಕೆ ನೆಮ್ಮದಿಯಲ್ಲ ಅನ್ನುವುದೂ ಗೊತ್ತಿರಲಿ. ನಾಡಿ ಜೋರಾಗಿ ಬಿಪಿ ಕುಸಿಯುವಾಗ ಅದು ಇಳಿದರೆ ಒಳಗೆಲ್ಲೋ ರಕ್ತ ಹೋಗುತ್ತಿರಬಹುದು. ಅತ್ತಿಗೆಗೆ ನಾಡಿ ನಿಧಾನವಾಗಿತ್ತು, ಮೂತ್ರ ಚೆನ್ನಾಗಿ ಹೋಗುತ್ತಿತ್ತು. ಸೋರಿದ ನೀರು ರಕ್ತಕ್ಕೆ ವಾಪಸ್ ಬರುವಾಗ ಡ್ರಿಪ್ ಜಾಸ್ತಿಯಾದರೆ ಉಸಿರಾಟಕ್ಕೆ ತೊಂದರೆ ಅಂತ ಅವತ್ತು ಸಂಜೆಯೇ ಅದನ್ನು ನಿಲ್ಲಿಸಿದರು.

ಈಗ ಡೆಂಗಿ ರಿಪೋರ್ಟ್ ಕೊಡುವಾಗ ಹಿಂದಿನ ದಿನಗಳ ಪಿಸಿವಿಯನ್ನು ಪಕ್ಕದಲ್ಲೇ ಪೆನ್ನಿನಲ್ಲಿ ಬರೆದುಕೊಡುತ್ತೇನೆ. ಜ್ವರದ ಮೊದಲ ದಿನಗಳ ಹಾಳೆ ಬಿಸಾಡಬೇಡಿ, ಡಾಕ್ಟರ್ ಹತ್ತಿರ ಹೋಗುವಾಗ ಅದನ್ನೂ ಒಯ್ಯಿರಿ.