ನಾನು ನಿನ್ನ ಮೇಲೆ ಇದ್ದೇನೆ

ಭಾಷೆ ಬರದ ಊರಲ್ಲಿ ಟ್ಯಾಕ್ಸಿ ಆಪ್ ತೆಗೆದ್ರೆ ಮೊದಲ ಅರ್ಧ ನಿಮಿಷ ಭಾರಿ ಖುಷಿ ಆಗುತ್ತೆ. ಅದು ನಿಮ್ಮ ಫೋನಿನ ಭಾಷೆ ನೋಡ್ಕೊಂಡು ಬಟನ್‌ಗಳನ್ನೆಲ್ಲ ಅದೇ ಭಾಷೇಲಿ ತೋರಿಸುತ್ತೆ, "ತಾವು ಎಲ್ಲಿಗೆ ಹೋಗಬೇಕು?" ಅಂತ ವಿನಯದಿಂದ ಕೇಳುತ್ತೆ, ಆಹಾ ಜಗತ್ತು ಎಷ್ಟು ಸಣ್ಣದಾಗೋಯ್ತು ಅನ್ಸುತ್ತೆ. ಆಮೇಲೆ ಗೊತ್ತಾಗುತ್ತೆ ಅನುವಾದ ಆಗಿರೋದು ಬಟನ್‌ಗಳು ಮಾತ್ರ ಅಂತ. ಬೀದಿ, ಗೇಟು, ಕಟ್ಟಡ ಇವುಗಳ ಹೆಸರು, ಅಂದ್ರೆ ನಿಮ್ಮನ್ನೂ ಕಾರನ್ನೂ ಒಂದೇ ಕಡೆ ಸೇರಿಸೋಕೆ ಬೇಕಾಗಿರೋದೆಲ್ಲ, ಆ ಊರಿನ ಲಿಪಿಯಲ್ಲೇ ತಣ್ಣಗೆ ಕೂತಿರುತ್ತೆ. "ಕೂಪನ್ ಸೇರಿಸಿ" ಅನ್ನೋದನ್ನ ಮಾತ್ರ ಎಷ್ಟು ಚೆನ್ನಾಗಿ ಅನುವಾದ ಮಾಡಿರ್ತಾರೆ ಅಂತೀರ!

ಸರಿ, ಒಂದು ದೊಡ್ಡ ರೈಲ್ವೆ ಸ್ಟೇಷನ್ ಅಂದ್ಕೊಳ್ಳಿ. ಹೊರಗೆ ಬಂದ್ರೆ ಎದುರಿಗೆ ಸರ್ವೀಸ್ ರೋಡು, ಅದರ ತಲೆ ಮೇಲೇ ಒಂದು ಫ್ಲೈಓವರ್, ಸುತ್ತ ಎತ್ತರದ ಕಟ್ಟಡಗಳು. ನೀವು ಲಗೇಜ್ ಹಿಡ್ಕೊಂಡು ಕೆಳಗೆ ನಿಂತಿದೀರ. ಆಪ್ ನಿಮ್ಮ ಜಾಗ ಹುಡುಕುತ್ತೆ. ಆಕಾಶ ಬಯಲಾಗಿದ್ರೆ ಫೋನಿನ ಜಿಪಿಎಸ್ ಸುಮಾರು 5 ಮೀಟರ್ ಒಳಗೆ ಸರಿಯಾಗಿ ಹೇಳುತ್ತೆ, ಆದ್ರೆ ಇಲ್ಲಿ ಮೇಲೆ ಕಾಂಕ್ರೀಟು, ಪಕ್ಕದಲ್ಲಿ ಗಾಜಿನ ಗೋಡೆ, ಸಿಗ್ನಲ್ ಅಲ್ಲಿ ಇಲ್ಲಿ ಹೊಡೆದು ಸುತ್ತಿಬಳಸಿ ಬರುತ್ತೆ, ಅದಕ್ಕೆ ಚುಕ್ಕೆ ಹತ್ತಾರು ಮೀಟರ್ ಆಚೆಗೂ ಹೋಗಿ ಕೂರಬಹುದು. ಅದರ ಸುತ್ತ ಒಂದು ನೀಲಿ ವೃತ್ತ ಇರುತ್ತಲ್ಲ, ಅದು ಅಲಂಕಾರ ಅಲ್ಲ, "ಈತ ಇಷ್ಟರೊಳಗೆ ಎಲ್ಲೋ ಇದಾನೆ, ಎಲ್ಲಿ ಅಂತ ನನ್ನ ಕೇಳಬೇಡಿ" ಅಂತ ಫೋನು ಕೈ ಚೆಲ್ಲಿರೋ ಅಳತೆ. ವೃತ್ತ ದೊಡ್ಡದಿದ್ರೆ ಬುಕ್ ಒತ್ತೋ ಮುಂಚೆ ಪಿನ್ನನ್ನ ಕೈಯಾರೆ ಸರಿಸಬೇಕು.

ಸರಿಸಿದ್ರೂ ಕಥೆ ಮುಗಿಯಲ್ಲ. ಕಾರು ಫುಟ್‌ಪಾತ್ ಮೇಲೆ ಬರೋಕಾಗಲ್ವಲ್ಲ, ಅದಕ್ಕೆ ಆಪ್ ನಿಮ್ಮ ಪಿನ್ನನ್ನ ಹತ್ತಿರದ ರಸ್ತೆಗೆ ಎಳೆದು ಅಂಟಿಸುತ್ತೆ. ಮ್ಯಾಪಿನಲ್ಲಿ ಫ್ಲೈಓವರೂ ಒಂದು ಗೆರೆ, ಸರ್ವೀಸ್ ರೋಡೂ ಒಂದು ಗೆರೆ, ಎರಡೂ ಒಂದರ ಮೇಲೊಂದು ಬಿದ್ದಿರ್ತವೆ. ಮ್ಯಾಪ್ ಚಪ್ಪಟೆ, ಊರು ಚಪ್ಪಟೆ ಇಲ್ಲ. ಹಾಗಾಗಿ ಪಿನ್ನು ರಾಜಾರೋಷವಾಗಿ ಫ್ಲೈಓವರ್ ಮೇಲೆ ಹೋಗಿ ನಿಲ್ಲುತ್ತೆ, ನೀವು ಕೆಳಗೆ ನಿಲ್ತೀರ, ಪರದೆ ಮೇಲೆ ಇಬ್ಬರೂ ಒಂದೇ ಜಾಗದಲ್ಲಿ. ಡ್ರೈವರ್ ಹೋಗೋದು ಪಿನ್ನಿಗೆ. ನೀವು ಮೇಲೆ ಟೈಪ್ ಮಾಡಿದ ವಿಳಾಸಕ್ಕಲ್ಲ, ನಿಮ್ಮ ಮುಖಕ್ಕಂತೂ ಅಲ್ಲವೇ ಅಲ್ಲ.

ಇದನ್ನ ಭಾಷೆ ಬರದೇನೂ ಪತ್ತೆ ಹಚ್ಚೋ ಒಂದು ದಾರಿ ಇದೆ, ಆಪ್ ಕಂಪನಿಗಳು ಇದನ್ನ ಎಲ್ಲೂ ಹೇಳಲ್ಲ, ಹೇಳಿದ್ರೆ ಅವರ ಪಿನ್ನಿನ ಮರ್ಯಾದೆ ಏನಾಗಬೇಕು. ಅಂದಾಜು ಬಾಡಿಗೆ ನೋಡಿ. ಅದು ಲೆಕ್ಕ ಆಗೋದು ಪಿನ್ನಿಂದ ಗಮ್ಯಕ್ಕೆ ಕಾರು ಹೋಗಬೇಕಾದ ದಾರಿ ಮತ್ತು ಹಿಡಿಯೋ ಸಮಯದ ಮೇಲೆ. ಲೆಕ್ಕಕ್ಕೆ ಅಂತ ಒಂದು ದರ ಇಟ್ಕೊಳ್ಳೋಣ, ಯಾವ ದೇಶದ ದುಡ್ಡೂ ಅಲ್ಲ. ಹತ್ತಿದ್ದಕ್ಕೆ 30, ಕಿಲೋಮೀಟರಿಗೆ 10, ನಿಮಿಷಕ್ಕೆ 2. ಸರ್ವೀಸ್ ರೋಡಿಂದ ಹೋದ್ರೆ 8 ಕಿಲೋಮೀಟರ್, 20 ನಿಮಿಷ. 30 + 80 + 40, ಒಟ್ಟು 150. ಅದೇ ಪಿನ್ನು ಫ್ಲೈಓವರ್ ಮೇಲೆ ಇದ್ರೆ ಕಾರು ಉಲ್ಟಾ ದಿಕ್ಕಿಗೆ ಹೋಗಿ ಇಳಿದು ಯೂಟರ್ನ್ ಹೊಡೆದು ಬರಬೇಕು, 11 ಕಿಲೋಮೀಟರ್, 26 ನಿಮಿಷ. 30 + 110 + 52, ಅಂದ್ರೆ 192. ನೀವು ಒಂದು ಹೆಜ್ಜೇನೂ ಇಟ್ಟಿಲ್ಲ, ಬೆರಳಲ್ಲಿ ಪಿನ್ನನ್ನ ಕೂದಲಷ್ಟು ಸರಿಸಿದೀರ ಅಷ್ಟೆ, ಬಾಡಿಗೆ ಕಾಲು ಭಾಗಕ್ಕಿಂತ ಜಾಸ್ತಿ ಏರಿದೆ. ಹಾಗೆ ಎಗರಿದ್ರೆ ಪಿನ್ನು ಈಗ ಬೇರೆ ರಸ್ತೆಗೋ ಆಚೆ ಬದಿಗೋ ಅಂಟ್ಕೊಂಡಿದೆ ಅಂತ ಅರ್ಥ. ದಾರಿಯ ಗೆರೆ ಯಾವ ಕಡೆಗೆ ಹೊರಡುತ್ತೆ ಅಂತ ನೋಡಿ, ನಿಮ್ಮೆದುರು ಗಾಡಿಗಳು ಓಡ್ತಿರೋ ಕಡೆಗೇ ಹೊರಟ್ರೆ ಸರಿ, ಇಲ್ಲಾಂದ್ರೆ ಇನ್ನೊಂಚೂರು ಸರಿಸಿ. ಬೇಡಿಕೆ ಜಾಸ್ತಿ ಇರೋ ಹೊತ್ತಲ್ಲಿ ಅದಕ್ಕೆ 1.5 ಗುಣಿಸಿಬಿಡ್ತಾರೆ, ಆಗ ನೀವು ಹತ್ತದೇ ಇರೋ ಫ್ಲೈಓವರೂ ಒಂದೂವರೆ ಪಟ್ಟು ದುಬಾರಿ.

ಬಾಡಿಗೆ ಅಂಕಿಗೂ ಭಾಷೆ ಇದೆ ಅನ್ನೋದು ಇನ್ನೊಂದು ಸಂಕಟ. ಜರ್ಮನಿ, ಬ್ರೆಜಿಲ್, ಇಂಡೋನೇಷ್ಯಾ ಕಡೆ ಸಾವಿರಕ್ಕೆ ಚುಕ್ಕೆ, ದಶಾಂಶಕ್ಕೆ ಅಲ್ಪವಿರಾಮ. 12.500 ಅಂತ ಕಂಡ್ರೆ ಅದು ಹನ್ನೆರಡೂವರೆ ಅಲ್ಲ, ಹನ್ನೆರಡೂವರೆ ಸಾವಿರ. ಆಪ್ ಭಾಷೆ ಬದಲಾಯಿಸಿದ್ರೆ ಕೆಲವು ಪರದೆಗಳಲ್ಲಿ ಅಂಕಿ ಬರೆಯೋ ರೀತಿನೂ ಬದಲಾಗುತ್ತೆ, ಕೆಲವದ್ರಲ್ಲಿ ಆಗಲ್ಲ. ಇದು ಅಗ್ಗ ಅಂತ ಕುಣಿಯೋ ಮುಂಚೆ ಸೊನ್ನೆ ಎಣಿಸೋದು ಒಳ್ಳೇದು. ಅಂದಾಜು ಅಂತ ಬರೆದಿದ್ರೆ ಟ್ರಾಫಿಕ್ಕಲ್ಲಿ ಅದು ಏರಬಹುದು, ಮುಂಚೇನೇ ನಿಗದಿ ಅಂತ ಬರೆದಿದ್ರೂ ದಾರಿ ಬದಲಾದ್ರೆ, ಕಾಯಿಸಿದ್ರೆ, ಟೋಲ್ ಬಿದ್ರೆ ಏರಬಹುದು. ಇದನ್ನೆಲ್ಲ ಬರೆದಿರೋದು ಆ ಸಣ್ಣ ಅಕ್ಷರದಲ್ಲಿ, ಅದು ಮಾತ್ರ ಅನುವಾದ ಆಗಿರಲ್ಲ.

ಈಗ ಬುಕ್ ಆಯ್ತು, ಡ್ರೈವರ್ ಹೊರಟ್ರು, ಮೆಸೇಜ್ ಶುರು. ಮೊದಲ್ನೇದು: "ನಮಸ್ಕಾರ, ತಮ್ಮ ಚಾಲಕರು ಹೊರಟಿದ್ದಾರೆ. ದಯವಿಟ್ಟು ಪಿಕಪ್ ಸ್ಥಳದಲ್ಲಿ ಕಾಯಿರಿ." ಇದು ಡ್ರೈವರ್ ಬರೆದದ್ದಲ್ಲ, ಆಪ್ ಮೊದಲೇ ಎಲ್ಲ ಭಾಷೆಗೂ ಮಾಡಿಟ್ಟಿರೋ ಸಿದ್ಧ ವಾಕ್ಯ, ಮನುಷ್ಯರು ಕೂತು ನೋಡಿದ್ದು, ಅದಕ್ಕೇ ಅಷ್ಟು ಸುಸಂಸ್ಕೃತ. ಎರಡನೇದು ಡ್ರೈವರ್ ಸ್ವತಃ ಟೈಪ್ ಮಾಡಿದ್ದು, ಮೆಷಿನ್ ಅನುವಾದ ಮಾಡಿದ್ದು: "ನೀನು ಎಲ್ಲಿ ಇದ್ದೀಯಾ ಹೊರಗೆ ಬಾ." ಎರಡು ಮೆಸೇಜಿನ ಮಧ್ಯೆ ನೀವು ತಾವಿನಿಂದ ನೀನಿಗೆ ಇಳಿದಿರ್ತೀರ. ಪಾಪ ಅವರು ತಮ್ಮ ಭಾಷೇಲಿ ಪೂರ್ತಿ ಮರ್ಯಾದೆ ಕೊಟ್ಟೇ ಬರೆದಿರ್ತಾರೆ, ಆದ್ರೆ ಎಷ್ಟೋ ಸಲ ಅನುವಾದ ಇಂಗ್ಲಿಷ್ ಮೇಲೆ ಹಾದು ಬರುತ್ತೆ, ಅಲ್ಲಿ ಇರೋದು ಒಂದೇ ಒಂದು ಯೂ, ಮರ್ಯಾದೆ ಅಲ್ಲೇ ಇಳಿದು ಹೋಗಿರುತ್ತೆ. ಲಗೇಜ್ ಮೇಲೆ ಕೂತ ಹಿರಿಯರೊಬ್ಬರು ಇದನ್ನ ಓದಿ "ಯಾರೋ ಅವ್ನು ನನ್ನ ಬಾ ಅನ್ನೋನು" ಅಂತ ಕೆರಳೋದನ್ನ ತಡೆಯೋ ಬಟನ್ನು ಇನ್ನೂ ಬಂದಿಲ್ಲ.

ಮೂರನೇ ಮೆಸೇಜು: "ಹಳದಿ ಮೊಲದ ಮುಂದೆ ನಿಂತಿದ್ದೇನೆ." ಸರಿ, ನೀವು ಮೊಲ ಹುಡುಕ್ತೀರ. ಸ್ಟೇಷನ್ ಸುತ್ತ ಎಲ್ಲೂ ಮೊಲ ಇಲ್ಲ, ಹಳದಿಯಂತೂ ಇಲ್ಲವೇ ಇಲ್ಲ. ಅದು ಅಂಗಡಿ ಹೆಸರು. ಮೆಷಿನ್ ಹೆಸರು ಅಂತ ಗೊತ್ತಾಗದೆ ಅದನ್ನೂ ಬಿಡಿಸಿ ಅನುವಾದ ಮಾಡಿದೆ, ಬೋರ್ಡ್ ಮೇಲೆ ಮಾತ್ರ ಆ ಊರಿನ ಲಿಪಿ. ಇಂಥ ಹೊತ್ತಲ್ಲಿ ಮೆಸೇಜ್ ಕೆಳಗೆ "ಮೂಲ ತೋರಿಸಿ" ಅಂತ ಇದ್ರೆ ಒತ್ತಿ, ಅಕ್ಷರ ಓದಕ್ಕೆ ಬರದಿದ್ರೂ ಪರವಾಗಿಲ್ಲ, ಆ ಆಕಾರಗಳನ್ನ ಬೋರ್ಡುಗಳ ಜೊತೆ ಹೋಲಿಸಿ ನೋಡಿದ್ರೆ ಅಂಗಡಿ ಸಿಕ್ಕೇಬಿಡುತ್ತೆ. ನೀವು ಉತ್ತರ ಬರೆಯೋವಾಗ್ಲೂ ಅಷ್ಟೆ, "ಅಯ್ಯೋ ನಾನು ಇಲ್ಲೇ ಇದ್ದೀನಲ್ಲ ಮಾರಾಯ್ರೇ ಆಗ್ಲಿಂದ" ಅಂತ ಹಾಕಿದ್ರೆ ಆ ಕಡೆ ಏನಾಗಿ ಬೀಳುತ್ತೋ ದೇವರಿಗೇ ಗೊತ್ತು. "3ನೇ ಗೇಟು. ಕೆಳಗಿನ ರಸ್ತೆ." ಅಷ್ಟೇ. ಕ್ರಿಯಾಪದ ಕಮ್ಮಿ ಇದ್ದಷ್ಟೂ ಕೆಡಿಸೋಕೆ ಮೆಷಿನ್‌ಗೆ ಏನೂ ಸಿಗಲ್ಲ.

ನಾಲ್ಕನೇ ಮೆಸೇಜು ಬಂತು: "ನಾನು ನಿನ್ನ ಮೇಲೆ ಇದ್ದೇನೆ."

ಇದನ್ನ ಓದಿದ ಯಾರಿಗಾದ್ರೂ ಸ್ಕ್ರೀನ್‌ಶಾಟ್ ತೆಗೆದು ನಾಲ್ಕು ಗ್ರೂಪಿಗೆ ಹಾಕೋಣ, ನಗೋಣ ಅನ್ಸುತ್ತೆ. ಆದ್ರೆ ಇವತ್ತಿನ ಇಡೀ ವ್ಯವಹಾರದಲ್ಲಿ ಅಕ್ಷರಶಃ ನಿಜ ಹೇಳಿದ ವಾಕ್ಯ ಇದೊಂದೇ. ಮ್ಯಾಪು ಹೇಳಲಿಲ್ಲ, ಪಿನ್ನು ಹೇಳಲಿಲ್ಲ, ಬಾಡಿಗೆ ಸೂಚನೆ ಕೊಟ್ಟು ಸುಮ್ಮನಾಯ್ತು, ಕೊನೆಗೆ ಎಲ್ಲರೂ ಆಡಿಕೊಳ್ಳೋ ಆ ಮುರುಕು ಅನುವಾದ ಬಂದು ನೆಟ್ಟಗೆ ಹೇಳ್ತು: ಕಾರು ಫ್ಲೈಓವರ್ ಮೇಲಿದೆ, ನೀವು ಅದರ ಕೆಳಗಿದೀರ. ನೀವು ನಕ್ಕು ಮುಗಿಸೋ ಹೊತ್ತಿಗೆ ಪರದೆ ಮೇಲೆ ಇನ್ನೊಂದು ಅಚ್ಚುಕಟ್ಟು ವಾಕ್ಯ: "ತಮ್ಮ ಚಾಲಕರು ಆಗಮಿಸಿದ್ದಾರೆ. ಕಾಯುವ ಶುಲ್ಕ ಶೀಘ್ರದಲ್ಲೇ ಆರಂಭ."

ಆಗಮಿಸಿದ್ದಾರೆ ಅಂತ ತೀರ್ಮಾನ ಮಾಡೋದೂ ಅದೇ ಚಪ್ಪಟೆ ಮ್ಯಾಪು. ಕಾರಿನ ಫೋನು ಪಿನ್ನಿನ ಸುತ್ತಳತೆ ಒಳಗೆ ಬಂದ್ರೆ ಸಾಕು, ಗಡಿಯಾರ ಶುರು. ಕೆಲವು ನಿಮಿಷ ಉಚಿತ, ಆಮೇಲೆ ನಿಮಿಷಕ್ಕಿಷ್ಟು, ಇನ್ನೂ ಬರಲಿಲ್ಲ ಅಂದ್ರೆ ಟ್ರಿಪ್ ರದ್ದು ಮಾಡಿ ಅದಕ್ಕೊಂದು ಶುಲ್ಕ. ಫ್ಲೈಓವರ್ ಮೇಲೆ ಕಾರು ನಿಲ್ಲಿಸೋ ಹಾಗೂ ಇಲ್ಲ, ಹಿಂದೆ ಹಾರ್ನು, ಡ್ರೈವರಿಗೂ ಹಿಂಸೆ, ಅವರದ್ದೇನು ತಪ್ಪು ಹೇಳಿ, ಪಿನ್ನು ಕರೆದಲ್ಲಿಗೇ ಬಂದಿದಾರೆ. ಫೋನ್ ಮಾಡಿದ್ರೆ ಇಬ್ಬರೂ ತಂತಮ್ಮ ಭಾಷೇಲಿ ಜೋರಾಗಿ ಹಲೋ ಅಂತಾರೆ. ಟೈಪ್ ಮಾಡಿದ್ದಕ್ಕಿರೋ ಅನುವಾದ ಕರೆಗೆ ಸಿಗೋದು ಅಪರೂಪ. ಅದಕ್ಕಿಂತ ನೀವು ನಿಂತಿರೋ ಜಾಗದ ಬೋರ್ಡಿನ ಫೋಟೋ ತೆಗೆದು ಚಾಟಲ್ಲಿ ಕಳಿಸೋದು ವಾಸಿ, ಆ ಲಿಪಿ ಅವರಿಗೆ ಬರುತ್ತೆ, ಮಧ್ಯೆ ಯಾರೂ ಅನುವಾದ ಮಾಡಲ್ಲ.

ರದ್ದು ಆದ್ಮೇಲೆ ಆಪ್ ಕಾರಣ ಕೇಳುತ್ತೆ. ಚಾಲಕರು ತಡ ಮಾಡಿದರು, ಚಾಲಕರು ಬೇರೆ ಕಡೆ ಹೋದರು, ಮನಸ್ಸು ಬದಲಾಯಿತು. ಚಾಲಕರು ನನ್ನ ಮೇಲಿದ್ದರು ಅಂತ ಒಂದು ಆಯ್ಕೆ ಇಲ್ಲ. ದೂರು ಹಾಕಿದ್ರೆ ನಿಮ್ಮ ಭಾಷೆಯಲ್ಲೇ ಉತ್ತರ ಬರುತ್ತೆ, ನಮ್ಮ ದಾಖಲೆ ಪ್ರಕಾರ ಚಾಲಕರು ಸರಿಯಾದ ಸ್ಥಳಕ್ಕೆ ಬಂದಿದ್ದರು, ಆದರೂ ತಮ್ಮ ಅಸೌಕರ್ಯಕ್ಕೆ ವಿಷಾದಿಸುತ್ತಾ ರದ್ದತಿ ಶುಲ್ಕವನ್ನು ತಮ್ಮ ವಾಲೆಟ್‌ಗೆ ಹಿಂದಿರುಗಿಸಿದ್ದೇವೆ. ಕೆಳಗೆ ಸಣ್ಣ ಅಕ್ಷರ, ಆ ಊರಿನ ಲಿಪಿ. ಯಾರಿಂದಾದ್ರೂ ಓದಿಸಿ ನೋಡಿದ್ರೆ: ಈ ಹಣ ಈ ನಗರದಲ್ಲಿ ಮಾತ್ರ ಚಲಾವಣೆ, ಒಂದು ವಾರದೊಳಗೆ ಬಳಸತಕ್ಕದ್ದು. ನೀವು ಆಗ್ಲೇ ವಿಮಾನ ಹತ್ತಿ ಊರು ಸೇರಿರ್ತೀರ.